ಕೈಲ್ ಪೊಳ್ದ್ ಹಬ್ಬಕ್ಕೆ ಊರಿಗೆ ಬರುವವರ ರೈಲು ಟಿಕೆಟ್: ರಿಸರ್ವೇಶನ್ ಕೌಂಟರ್‌ನಲ್ಲಿದ್ದ ಚಿಣ್ಣಪ್ಪಣ್ಣನಿಗೆ ಪ್ರಶ್ನೆಗಳು

ಪೂವಮ್ಮ, ವಿರಾಜಪೇಟೆ: ಚಿಣ್ಣಪ್ಪಣ್ಣ, ಮಗಳು ಪನ್ವೇಲ್‌ನಲ್ಲಿದ್ದಾಳೆ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ ಗಂಡ, ಮಗುವಿನ ಜೊತೆ ಬರಬೇಕು. ಆಗಸ್ಟ್ 31ಕ್ಕೆ ಪನ್ವೇಲ್‌ನಿಂದ ಕಣ್ಣೂರಿಗೆ ಮಂಗಳಾ ಎಕ್ಸ್‌ಪ್ರೆಸ್ ನೋಡಿದ್ದಳು. 60 ದಿನ ಎಣಿಸಿ ಇವತ್ತು, ಜುಲೈ 2ರ ಬೆಳಿಗ್ಗೆ 8 ಗಂಟೆಗೆ ಸರಿಯಾಗಿ ಕೂತಳು. ಆಗಲೇ PQWL 48! ತೆರೆದ ನಿಮಿಷಕ್ಕೇ ಇಷ್ಟು ಹೇಗೆ? ಇದು ಸಿಗುತ್ತಾ?

ಚಿಣ್ಣಪ್ಪ, ಗೋಣಿಕೊಪ್ಪ: ತೆರೆದದ್ದು ಇವತ್ತಲ್ಲ ಪೂವಮ್ಮ, ನಿನ್ನೆ. 60 ದಿನದ ಲೆಕ್ಕ ನಾವು ಹತ್ತುವ ದಿನದಿಂದ ಅಲ್ಲ. ರೈಲು ತನ್ನ ಮೊದಲ ನಿಲ್ದಾಣ ಬಿಡುವ ದಿನದಿಂದ. ಮಂಗಳಾ ಹೊರಡುವುದು ದೆಹಲಿಯ ಹಜರತ್ ನಿಜಾಮುದ್ದೀನ್‌ನಿಂದ. ಪನ್ವೇಲ್‌ಗೆ ಬರುವುದು ಮಾರನೇ ದಿನ. ಆಗಸ್ಟ್ 31ಕ್ಕೆ ನಿಮ್ಮ ಮಗಳು ಹತ್ತುವ ಗಾಡಿ ಅಲ್ಲಿ ಬಿಡುವುದು 30ಕ್ಕೆ. ಅಲ್ಲಿಂದ 60 ದಿನ ಹಿಂದೆ ಎಣಿಸಿದರೆ ಜುಲೈ 1. ಒಂದು ದಿನ ಪೂರ್ತಿ ಬೇರೆಯವರು ಬುಕ್ ಮಾಡಿದ ಮೇಲೆ ಅವಳು ಕೂತಿದ್ದಾಳೆ.

ಮುಂದೆ ತತ್ಕಾಲ್‌ಗೂ ಇದೇ ಲೆಕ್ಕ. ಆ ಗಾಡಿಯ ತತ್ಕಾಲ್ ತೆರೆಯುವುದು ಆಗಸ್ಟ್ 29ಕ್ಕೆ. 30ರ ಬೆಳಿಗ್ಗೆ ಕೂತರೆ ಮತ್ತೆ ಒಂದು ದಿನ ತಡ.

ಇನ್ನು ಆ PQWL 48. ನನಗೆ ನಿಜವಾಗಿ ಚಿಂತೆ ಆಗುವುದು 48ರ ಬಗ್ಗೆ ಅಲ್ಲ, ಮುಂದಿರುವ ಅಕ್ಷರಗಳ ಬಗ್ಗೆ. ರೈಲಿನಲ್ಲಿ ಹೆಚ್ಚಿನ ಬರ್ತ್ ಹೊರಡುವ ಊರಿನಿಂದ ಕೊನೆಯ ಊರಿನ ಕಡೆಗೆ ಹೋಗುವವರಿಗೆ ಇಟ್ಟಿರುತ್ತದೆ. ಅವರ ವೇಟಿಂಗ್ GNWL. ಮಧ್ಯದಲ್ಲಿ ಹತ್ತಿ ಮಧ್ಯದಲ್ಲೇ ಇಳಿಯುವವರಿಗೆ ಹಲವು ಊರು ಸೇರಿ ಹಂಚಿಕೊಳ್ಳುವ ಸಣ್ಣ ಪಾಲು. ಅವರ ವೇಟಿಂಗ್ PQWL. ದೆಹಲಿಯಿಂದ ಎರ್ನಾಕುಲಂಗೆ ಹೋಗುವ ಹತ್ತು ಜನ ಟಿಕೆಟ್ ರದ್ದು ಮಾಡಿದರೂ, ಸೀಟಿನ ಕೊನೆಯ ಪಟ್ಟಿ, ಅಂದರೆ ಚಾರ್ಟ್, ಆಗುವವರೆಗೆ ಆ ಬರ್ತ್‌ಗಳು ಅವರ ಸಾಲಿನವರಿಗೇ ಹೋಗುತ್ತವೆ, ನಿಮ್ಮ ಮಗಳ ಸಾಲು ಕದಲುವುದಿಲ್ಲ. ಹಾಗಾಗಿ GNWL 48 ಆಗಿದ್ದರೆ ಕಾಯಿರಿ ಅನ್ನುತ್ತಿದ್ದೆ. PQWL 48ನ್ನು ನಂಬಿ ಹಬ್ಬದ ಲೆಕ್ಕ ಹಾಕಬೇಡಿ. ಆ ಹೊತ್ತಿಗೆ ಗಣೇಶ ಹಬ್ಬದ ಓಡಾಟವೂ ಇರುತ್ತದೆ. ಮುಂಬೈಯವರು ಕೊಂಕಣಕ್ಕೆ ಹೋಗುವ ದಾರಿಯೇ ಅದು.

ದಾರಿ ಇದೆ. ಸ್ವಲ್ಪ ಹೊತ್ತಿನಲ್ಲಿ ಬರೆಯುತ್ತೇನೆ, ತೋಟದಿಂದ ಈಗ ಬಂದೆ.

ಹರೀಶ್, ಕುಶಾಲನಗರ: ಅಣ್ಣ, ತಪ್ಪು ಮಾಹಿತಿ ಅಲ್ವಾ? 60 ದಿನ ಅಂದರೆ ಪ್ರಯಾಣದ ದಿನದಿಂದಲೇ. ನಾನು ಯಾವಾಗಲೂ ಹಾಗೇ ಎಣಿಸುವುದು, ಒಂದು ಸಲವೂ ತಪ್ಪಿಲ್ಲ.

ಚಿಣ್ಣಪ್ಪ, ಗೋಣಿಕೊಪ್ಪ: ನೀವು ಹತ್ತುವುದು ಎಲ್ಲಿಂದ?

ಹರೀಶ್, ಕುಶಾಲನಗರ: ಮೈಸೂರಿನಿಂದ.

ಚಿಣ್ಣಪ್ಪ, ಗೋಣಿಕೊಪ್ಪ: ಗಾಡಿ ಅಲ್ಲೇ ಹೊರಡುತ್ತದೆ. ಅದಕ್ಕೇ ಎರಡೂ ಲೆಕ್ಕ ಒಂದೇ ಆಗುತ್ತದೆ.

ಲತಾ, ಸುಂಟಿಕೊಪ್ಪ: ನನಗೆ 120 ದಿನ ಮೊದಲು ಬುಕ್ ಮಾಡಬಹುದು ಅಂತ ಮೆಸೇಜ್ ಬಂದಿತ್ತು. ಇಲ್ಲಿ ಹಾಕಲಾ?

ಚಿಣ್ಣಪ್ಪ, ಗೋಣಿಕೊಪ್ಪ: ಬೇಡ. ಅದು ಹಳೆಯದು. 2024ರ ನವೆಂಬರ್ 1ರಿಂದ 60.

ಶಬೀರ್, ಸಿದ್ದಾಪುರ: ಸರ್, ನಮ್ಮ ತೋಟದಲ್ಲಿ ಅಸ್ಸಾಂನ ಎಂಟು ಜನ ಇದ್ದಾರೆ. ಪೂಜೆಗೆ ಊರಿಗೆ ಹೋಗಬೇಕಂತೆ. ಒಂದೇ ಟಿಕೆಟ್‌ನಲ್ಲಿ ಎಂಟೂ ಜನರನ್ನು ಹಾಕಬಹುದಾ? ಬೆಂಗಳೂರಿನಿಂದ ಹೋಗುವುದಾ, ಕೇರಳದ ಕಡೆಯಿಂದಲಾ?

ಜೋಯಪ್ಪ, ನಾಪೋಕ್ಲು: ತಮ್ಮನ ಮಗ ಜಮ್ಮುವಿನಲ್ಲಿ ಸೇನೆಯಲ್ಲಿದ್ದಾನೆ. ಅವನಿಗೆ ಡಿಫೆನ್ಸ್ ಕೋಟಾ ಇದೆ. ಪೂವಮ್ಮ, ನಿಮ್ಮ ಅಳಿಯ ಅದನ್ನೇ ಕೇಳಬಹುದಲ್ಲ?

ಪೂವಮ್ಮ, ವಿರಾಜಪೇಟೆ: ಅಳಿಯ ಸೇನೆಯಲ್ಲಿ ಇಲ್ಲ ಅಣ್ಣ, ಬ್ಯಾಂಕಿನಲ್ಲಿ.

ಹರೀಶ್, ಕುಶಾಲನಗರ: ಇಷ್ಟೆಲ್ಲ ಯಾಕೆ? ಕೌಂಟರ್‌ನಲ್ಲಿ ವೇಟಿಂಗ್ ಟಿಕೆಟ್ ತಗೊಂಡು ಸ್ಲೀಪರ್ ಹತ್ತಿದರಾಯಿತು. ಟಿಟಿಇ ಹತ್ತಿರ ಮಾತಾಡಿದರೆ ಮೂಲೆಯಲ್ಲಿ ಜಾಗ ಕೊಡುತ್ತಾರೆ. ಆನ್‌ಲೈನ್ ಟಿಕೆಟ್ ಮಾತ್ರ ತಾನಾಗೇ ರದ್ದಾಗುವುದು, ಕೌಂಟರ್‌ದು ಆಗುವುದಿಲ್ಲ.

ಚಿಣ್ಣಪ್ಪ, ಗೋಣಿಕೊಪ್ಪ: ಅರ್ಧ ಸರಿ. ಅರ್ಧ ಸರಿ ಇರುವ ಮಾತು ಜಾಸ್ತಿ ಅಪಾಯ. ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಆನ್‌ಲೈನ್ ಟಿಕೆಟ್ ಚಾರ್ಟ್ ಆದ ಮೇಲೆ ತಾನಾಗೇ ರದ್ದಾಗುತ್ತದೆ, ಕ್ಲರ್ಕೇಜ್ ಕಳೆದು ಹಣ ಬರುತ್ತದೆ. ಕೌಂಟರ್ ಟಿಕೆಟ್ ಹಾಗೆ ಆಗುವುದಿಲ್ಲ, ನಿಜ. ಆದರೆ ಅದು ಕೈಯಲ್ಲಿದ್ದರೆ ಜನರಲ್ ಡಬ್ಬಿಗೆ ಮಾತ್ರ. ಸ್ಲೀಪರ್‌ಗಾಗಲಿ ಎಸಿಗಾಗಲಿ ಹತ್ತುವ ಹಾಗಿಲ್ಲ. ದಂಡ ಹಾಕಿ ಇಳಿಸಬಹುದು. ಮಗು ಇರುವ ಸಂಸಾರವನ್ನು ರಾತ್ರಿ ರತ್ನಾಗಿರಿಯಲ್ಲಿ ಇಳಿಸಿದರೆ ಅಲ್ಲಿಗೆ ಹೋಗಿ ಮಾತಾಡುವವರು ಯಾರು? ದಯವಿಟ್ಟು ಇಂಥದ್ದನ್ನು ಇಲ್ಲಿ ಹೇಳಬೇಡಿ.

ಪೂವಮ್ಮ, ಈಗ ನಿಮ್ಮದು. ಮಂಗಳಾ ಬಿಡಿ. ಮುಂಬೈನಲ್ಲೇ ಹೊರಡುವ ಗಾಡಿ ಹಿಡಿಯಬೇಕು. ಮತ್ಸ್ಯಗಂಧ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಂಗಳೂರು ಸೆಂಟ್ರಲ್‌ಗೆ, ದಿನಾ ಇದೆ. ಮಧ್ಯಾಹ್ನದ ಮೇಲೆ ಬಿಟ್ಟು ಮಾರನೇ ಬೆಳಿಗ್ಗೆ ಮುಟ್ಟುತ್ತದೆ, ಪನ್ವೇಲ್‌ನಲ್ಲೂ ನಿಲ್ಲುತ್ತದೆ. ಸೆಪ್ಟೆಂಬರ್ 1ಕ್ಕೆ ಹತ್ತಿದರೆ 2ಕ್ಕೆ ಮಂಗಳೂರು, ಅಂದು ರಾತ್ರಿಯೊಳಗೆ ಮನೆ. ಸೆಪ್ಟೆಂಬರ್ 1ರ ಗಾಡಿಗೆ ಬುಕಿಂಗ್ ತೆರೆಯುವುದು ಜುಲೈ 3. ಅಂದರೆ ನಾಳೆ ಬೆಳಿಗ್ಗೆ 8ಕ್ಕೆ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ.

ಟಿಕೆಟ್ ಪನ್ವೇಲ್‌ನಿಂದ ಹಾಕಬಾರದು. ಲೋಕಮಾನ್ಯ ತಿಲಕ್‌ನಿಂದ ಮಂಗಳೂರು ಸೆಂಟ್ರಲ್‌ವರೆಗೆ ಪೂರ್ತಿ ಹಾಕಿ, ಹತ್ತುವ ನಿಲ್ದಾಣ ಕೇಳುವ ಜಾಗದಲ್ಲಿ ಪನ್ವೇಲ್ ಆರಿಸಲಿ. ದರ ಸ್ವಲ್ಪ ಜಾಸ್ತಿ ಆಗಬಹುದು. ಆದರೆ ಮೊದಲ ಊರಿನಿಂದ ಕೊನೆಯ ಊರಿಗೆ ಆದ್ದರಿಂದ ದೊಡ್ಡ ಪಾಲಿನಲ್ಲಿ ಬೀಳುತ್ತದೆ. ವೇಟಿಂಗ್ ಬಂದರೂ GNWL ಬರುತ್ತದೆ. ಪನ್ವೇಲ್ ಅಂತ ಬರೆಸಿದ ಮೇಲೆ ಅದಕ್ಕಿಂತ ಮೊದಲು ಥಾಣೆಯಲ್ಲೋ ಬೇರೆಲ್ಲೋ ಹತ್ತಬಾರದು. ಹಣ ಕಟ್ಟುವ ಮೊದಲು ಆ ಅಕ್ಷರಗಳನ್ನು ಒಂದು ಸಲ ಓದಲಿ.

ಇವತ್ತು ರಾತ್ರಿಯೇ ಮಾಡಬೇಕಾದ್ದು ಒಂದಿದೆ. ಅವಳ IRCTC ಖಾತೆಗೆ ಆಧಾರ್ ಜೋಡಿಸಿದೆಯಾ ನೋಡಿ. ಇಲ್ಲದಿದ್ದರೆ ಬುಕಿಂಗ್ ತೆರೆದ ಹೊತ್ತಿಗೆ ಒಳಗೆ ಬಿಡುವುದಿಲ್ಲ.

ಜೋಯಪ್ಪ, ನಾಪೋಕ್ಲು: ವಿರಾಜಪೇಟೆಯವರಿಗೆ ಮಂಗಳೂರು ಯಾಕೆ? ಕಣ್ಣೂರಿನಿಂದ ಇರಿಟ್ಟಿ, ಮಾಕುಟ್ಟ ದಾಟಿದರೆ ಬಂತು. ಮಂಗಳೂರಿನಿಂದ ಮಡಿಕೇರಿಗೇ ಅರ್ಧ ದಿನ.

ಹರೀಶ್, ಕುಶಾಲನಗರ: ಮಳೆಗಾಲದಲ್ಲಿ ಮಾಕುಟ್ಟ ನಂಬುವುದಾ? ಮರ ಬಿದ್ದರೆ ಮುಗಿಯಿತು.

ಜೋಯಪ್ಪ, ನಾಪೋಕ್ಲು: ಸಂಪಾಜೆ ಘಾಟಿ ಮಾತ್ರ ಗಟ್ಟಿಯಾ? 2018ರಲ್ಲಿ ಏನಾಯಿತು ಮರೆತಿರಾ?

ಹರೀಶ್, ಕುಶಾಲನಗರ: ಅದಕ್ಕೇ ಮೈಸೂರು ಅನ್ನುವುದು. ದಾದರ್‌ನಿಂದ ಮೈಸೂರಿಗೆ ಶರಾವತಿ ಇದೆ. ಘಾಟಿಯೇ ಇಲ್ಲ.

ಚಿಣ್ಣಪ್ಪ, ಗೋಣಿಕೊಪ್ಪ: ಶರಾವತಿ ವಾರಕ್ಕೆ ಒಂದೇ ಸಲ. ವಾರ ಹೊಂದದಿದ್ದರೆ ಅದರ ಮಾತು ಬೇಡ.

ಕಣ್ಣೂರು ಹತ್ತಿರ ಅನ್ನುವುದು ನಿಜ, ಜೋಯಪ್ಪ. ಅದಕ್ಕೆ ನೇತ್ರಾವತಿ ಇದೆ, ಅದೂ ಲೋಕಮಾನ್ಯ ತಿಲಕ್‌ನಿಂದಲೇ ಹೊರಡುತ್ತದೆ. ಆದರೆ ಅದು ತಿರುವನಂತಪುರದವರೆಗೆ ಹೋಗುವ ಗಾಡಿ. ಕಣ್ಣೂರಿನವರಿಗೆ ಯಾವ ಪಾಲು ಅಂತ ಸ್ಕ್ರೀನ್ ನೋಡಿಯೇ ಹೇಳಬೇಕು. ಮೊದಲು ಮತ್ಸ್ಯಗಂಧ, ಆಗದಿದ್ದರೆ ಅದು. ಮಳೆಗಾಲದಲ್ಲಿ ಕೊಂಕಣ ದಾರಿಗೆ ಬೇರೆ ಟೈಮ್‌ಟೇಬಲ್, ಗಾಡಿ ನಿಧಾನ. ಬಸ್ಸಿನ ಲೆಕ್ಕ ಅದನ್ನು ನೋಡಿ ಹಾಕಿ.

ಲತಾ, ಸುಂಟಿಕೊಪ್ಪ: ಸರ್, ಇದು ನೋಡಿ: "ಈ ಎಕ್ಸ್‌ಟೆನ್ಶನ್ ಹಾಕಿದರೆ ತತ್ಕಾಲ್ 10 ಸೆಕೆಂಡಿನಲ್ಲಿ ಖಚಿತ, ಎಲ್ಲ ಗುಂಪಿಗೂ ಕಳುಹಿಸಿ."

ಚಿಣ್ಣಪ್ಪ, ಗೋಣಿಕೊಪ್ಪ: ಯಾರೂ ಒತ್ತಬೇಡಿ. ನಿಮ್ಮ ಖಾತೆಯ ಪಾಸ್‌ವರ್ಡ್, ಕಾರ್ಡಿನ ವಿವರ ಅದರ ಕೈಗೆ ಹೋಗುತ್ತದೆ. ಯಂತ್ರದಿಂದ ಬುಕ್ ಮಾಡುವುದು ಗೊತ್ತಾದರೆ ಖಾತೆಯೇ ಮುಚ್ಚುತ್ತಾರೆ. ಅದರಲ್ಲಿ ಟಿಕೆಟ್ ಮಾಡಿ ಮಾರುವವರಿಗೆ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಇದೆ, ಮೂರು ವರ್ಷದವರೆಗೆ ಜೈಲು. ಲತಾ, ಬಂದದ್ದನ್ನೆಲ್ಲ ಇಲ್ಲಿ ಹಾಕುವ ಮೊದಲು ಒಂದು ಸಲ ಓದಿ.

ಲತಾ, ಸುಂಟಿಕೊಪ್ಪ: ಸಹಾಯ ಆಗಲಿ ಅಂತ ಹಾಕಿದ್ದು. ಹೀಗೆ ಗದರಬೇಕಾಗಿರಲಿಲ್ಲ.

ಶಬೀರ್, ಸಿದ್ದಾಪುರ: ಸರ್, ಅಸ್ಸಾಂನವರದ್ದು?

ಹರೀಶ್, ಕುಶಾಲನಗರ: ತತ್ಕಾಲ್ ಎಷ್ಟು ಗಂಟೆಗೆ ಅಣ್ಣ?

ಚಿಣ್ಣಪ್ಪ, ಗೋಣಿಕೊಪ್ಪ: ಎಸಿ 10, ಸ್ಲೀಪರ್ 11.

ಸುಬ್ಬಯ್ಯ, ಶನಿವಾರಸಂತೆ: ತತ್ಕಾಲ್ ಎಷ್ಟು ಗಂಟೆಗೆ ತೆರೆಯುತ್ತದೆ?

ಚಿಣ್ಣಪ್ಪ, ಗೋಣಿಕೊಪ್ಪ: ಮೇಲೆ ಇದೆ.

ಸುಬ್ಬಯ್ಯ, ಶನಿವಾರಸಂತೆ: ಹಿರಿಯ ನಾಗರಿಕರ ರಿಯಾಯಿತಿ ಮತ್ತೆ ಬಂತಂತೆ?

ಚಿಣ್ಣಪ್ಪ, ಗೋಣಿಕೊಪ್ಪ: ಇಲ್ಲ. 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು.

ಜೋಯಪ್ಪ, ನಾಪೋಕ್ಲು: ಒಂದೇ ಪದದಲ್ಲಿ ಉತ್ತರ ಕೊಡುವುದಾದರೆ ಪ್ರಶ್ನೆ ಕೇಳಿ ಅಂತ ಕರೆದದ್ದು ಯಾಕೆ?

ಪೂವಮ್ಮ, ವಿರಾಜಪೇಟೆ (ಜುಲೈ 3): ಚಿಣ್ಣಪ್ಪಣ್ಣ, ಮತ್ಸ್ಯಗಂಧ 8ಕ್ಕೇ ತೆರೆಯಿತು. ಒಟಿಪಿ ಬರುವುದು ತಡವಾಗಿ 3ಎಸಿಯಲ್ಲಿ GNWL 9 ಬಂತು. ನೀವು ಹೇಳಿದ ಹಾಗೇ ಲೋಕಮಾನ್ಯ ತಿಲಕ್‌ನಿಂದ ಹಾಕಿದಳು, ಹತ್ತುವುದು ಪನ್ವೇಲ್. ಮಗುವಿಗೆ ಆರು ವರ್ಷ, ಪೂರ್ತಿ ಟಿಕೆಟ್ಟೇ ತಗೊಂಡಿದ್ದಾಳೆ. ಹಳೆಯ ಮಂಗಳಾ ಟಿಕೆಟ್ ಈಗಲೇ ರದ್ದು ಮಾಡಲಾ?

ಚಿಣ್ಣಪ್ಪ, ಗೋಣಿಕೊಪ್ಪ: ಪೂರ್ತಿ ಟಿಕೆಟ್ ತಗೊಂಡದ್ದು ಸರಿ. ಅರ್ಧ ಟಿಕೆಟ್‌ಗೆ ಬರ್ತ್ ಕೊಡುವುದಿಲ್ಲ.

GNWL 9, ಕೈಯಲ್ಲಿ ಎರಡು ತಿಂಗಳು. ಅದು ಕನ್ಫರ್ಮ್ ಆಗದಿದ್ದರೂ ಆರ್‌ಎಸಿಗೆ ಬರುತ್ತದೆ ಅಂತ ನನ್ನ ಅಂದಾಜು. ಆರ್‌ಎಸಿ ಬಂದರೆ ಹತ್ತಬಹುದು, ಒಂದು ಬರ್ತ್‌ನಲ್ಲಿ ಇಬ್ಬರು ಕೂರಬೇಕು. ಇದು ಕನ್ಫರ್ಮ್ ಆಗುವವರೆಗೆ ಮಂಗಳಾ ಟಿಕೆಟ್ ಇರಲಿ. ಸಂಖ್ಯೆ ದಿನಾ ನೋಡುವುದು ಬೇಡ. ಆಗಸ್ಟ್ 25ರ ಹೊತ್ತಿಗೆ ನೋಡಿ. ಇನ್ನೂ 4, 5ರಲ್ಲೇ ನಿಂತಿದ್ದರೆ ನನಗೆ ಹೇಳಿ. ಆಗಸ್ಟ್ 31ರ ಬೆಳಿಗ್ಗೆ 10ಕ್ಕೆ ನೇತ್ರಾವತಿಗೆ ತತ್ಕಾಲ್ ನೋಡೋಣ. ಮತ್ಸ್ಯಗಂಧದ ತತ್ಕಾಲ್ ವೇಟಿಂಗ್ ಬಂದರೆ ತಗೊಳ್ಳಬೇಡಿ. ಅದಕ್ಕೆ ಆರ್‌ಎಸಿ ಇಲ್ಲ, ನೀವು ಈಗ ಇರುವ ಸಾಲಿಗಿಂತ ಹಿಂದೆ ಅದು.

ಮೂವರಲ್ಲಿ ಒಬ್ಬರದು ಮಾತ್ರ ಕನ್ಫರ್ಮ್ ಆದರೆ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ಹೋಗುವುದಿಲ್ಲ ಅಂತಾದರೆ ಗಾಡಿ ಬಿಡುವ ಅರ್ಧ ಗಂಟೆ ಮೊದಲೇ ಪೂರ್ತಿ ರದ್ದತಿ ಹಾಕಬೇಕು. ಸುಮ್ನೆ ಕೂತರೆ ಹಣ ಹೋಗುತ್ತದೆ.

ಹರೀಶ್, ಕುಶಾಲನಗರ: ವಿಕಲ್ಪ್ ಟಿಕ್ ಮಾಡಿದ್ದರೆ ಬೇರೆ ಗಾಡಿಯಲ್ಲಿ ತಾನಾಗೇ ಸಿಗುತ್ತಿತ್ತು. ಅದನ್ನು ಯಾಕೆ ಹೇಳಲಿಲ್ಲ?

ಚಿಣ್ಣಪ್ಪ, ಗೋಣಿಕೊಪ್ಪ: ಬೇಕಂತಲೇ ಹೇಳಲಿಲ್ಲ. ಬೇರೆ ಗಾಡಿ ಕೊಟ್ಟ ಮೇಲೆ ಮೊದಲಿನದರಲ್ಲಿ ಹೋಗುವ ಹಾಗಿಲ್ಲ. ಹತ್ತುವ, ಇಳಿಯುವ ನಿಲ್ದಾಣವೂ ಪಕ್ಕದ್ದಕ್ಕೆ ಬದಲಾಗಬಹುದು. ಮಗು, ಸಾಮಾನು ಇರುವವರಿಗೆ ನಾನು ಹೇಳುವುದಿಲ್ಲ.

ಹರೀಶ್, ಕುಶಾಲನಗರ: ನನಗೆ ವಿಕಲ್ಪ್‌ನಲ್ಲಿ ಸಿಕ್ಕಿದೆ. ನಿಮ್ಮ ಮಾತೇ ಕೊನೆ ಅಂತ ಇಲ್ಲವಲ್ಲ.

ಜೋಯಪ್ಪ, ನಾಪೋಕ್ಲು: ನಾನು ಈಗಲೂ ಕಣ್ಣೂರೇ ಅನ್ನುತ್ತೇನೆ.

ಶಬೀರ್, ಸಿದ್ದಾಪುರ: ಯಾರಾದರೂ ನನ್ನ ಪ್ರಶ್ನೆ ನೋಡುತ್ತೀರಾ? ಎಂಟು ಜನ, ಅಸ್ಸಾಂಗೆ.