ಪದಚರ್ಚೆ: ‘ಮೊಳಕೆ’ ಯಾವಾಗ ‘ಸಸಿ’ಯಾಗುತ್ತದೆ? ಒಂದು ಅವರೆಕಾಳಿನ ಕಥೆಗಾಗಿ

ಬಳಗದವರಿಗೆ ನಮಸ್ಕಾರ.

ಎರಡನೆಯ, ಮೂರನೆಯ ತರಗತಿಯ ಮಕ್ಕಳು ತಾವೇ ಓದಿಕೊಳ್ಳಬಹುದಾದ ಒಂದು ಸಣ್ಣ ಕಥೆ ಬರೆಯುತ್ತಿದ್ದೇನೆ. ಅವರೆಕಾಳೊಂದು ಮಣ್ಣು ಸೇರಿ, ಎಲೆ ಬಿಟ್ಟು ನಿಲ್ಲುವವರೆಗಿನ ಕಥೆ. ಮಾತಾಡುವ ಎರೆಹುಳುವಾಗಲಿ, ಕನಸು ಕಾಣುವ ಬೀಜವಾಗಲಿ ಇದರಲ್ಲಿಲ್ಲ. ಕಾಳಿಗೆ ಏನೇನಾಗುತ್ತದೋ ಅದೇ ಕಥೆ. ಅಜ್ಜಿ ಅವರೆಕಾಯಿ ಸುಲಿಯುವಾಗ ಒಂದು ಹಸಿ ಕಾಳು ಕೈಜಾರಿ ಹಿತ್ತಲಿನ ಮಣ್ಣಿಗೆ ಬೀಳುವಲ್ಲಿಂದ ಶುರುವಾಗುತ್ತದೆ. ಪುಟ ತಿರುಗಿದಂತೆ ಕಾಳಿನ ರೂಪ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಹೆಸರೂ ಬದಲಾಗಬೇಕು. ಆ ಹೆಸರುಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ನೆನೆದ ಕಾಳಿನಿಂದ ಬಿಳಿಯ ತುದಿ ಹೊರಬಂದಾಗ ಅದು ‘ಮೊಳಕೆ’ ಎಂಬುದರಲ್ಲಿ ಅನುಮಾನವಿಲ್ಲ, ಮಕ್ಕಳಿಗೂ ಗೊತ್ತಿರುವ ಪದ. ಆಮೇಲೆ ಅದೇ ತುದಿ ಬೇರಾಗಿ ಕೆಳಕ್ಕಿಳಿಯುತ್ತದೆ, ಇನ್ನೊಂದು ಭಾಗ ಮಣ್ಣಿನ ಮೇಲೆ ಬರುತ್ತದೆ. ಮೇಲೆ ಬಂದದ್ದನ್ನೂ ‘ಮೊಳಕೆ’ ಎನ್ನಬಹುದೇ? ‘ಸಸಿ’ ಎಂಬ ಹೆಸರು ಎಲ್ಲಿಂದ ಸಲ್ಲುತ್ತದೆ? ಜೊತೆಗೆ, ಮಣ್ಣಿನಿಂದ ಮೇಲೆ ಬರುವ ಆ ಎರಡು ದಪ್ಪ ಹೋಳುಗಳನ್ನು ‘ಬೇಳೆ’ ಎನ್ನಲೋ, ಪಠ್ಯಪುಸ್ತಕದಂತೆ ‘ಬೀಜದಳ’ ಎನ್ನಲೋ, ಸುಮ್ಮನೆ ‘ಎಲೆ’ ಎನ್ನಲೋ? ನನಗೆ ಪದವೇ ಸಿಗದೆ ಖಾಲಿ ಬಿಟ್ಟಿರುವ ಭಾಗ ಹೀಗಿದೆ:

“ಐದನೆಯ ದಿನ ಬೆಳಿಗ್ಗೆ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಬಾಗಿದ ___ ಕಾಣಿಸಿತು. ತಲೆ ಇನ್ನೂ ಮಣ್ಣಿನೊಳಗೇ ಇತ್ತು. ಮರುದಿನ ಅದು ಮೆಲ್ಲನೆ ನೆಟ್ಟಗಾಗುತ್ತ ತನ್ನ ಎರಡು ___ಗಳನ್ನು ಮೇಲಕ್ಕೆ ಎಳೆದುಕೊಂಡಿತು.”

ಈ ಎರಡು ಜಾಗಕ್ಕೆ ನಿಮ್ಮ ಕಡೆ ಏನು ಹೇಳುತ್ತಾರೆ, ದಯವಿಟ್ಟು ತಿಳಿಸಿ.

ಶಿರಸಿಯಿಂದ

ನಮ್ಮಲ್ಲಿ ಇದಕ್ಕೆ ‘ಅಗೆ’ ಎನ್ನುತ್ತೇವೆ. ಭತ್ತವನ್ನು ನೆನೆಸಿ, ಗೋಣಿಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಮಡಿಯಲ್ಲಿ ಚೆಲ್ಲುತ್ತೇವೆ. ಅದು ಅಗೆಮಡಿ. ಅಗೆ ಬೆಳೆದ ಮೇಲೆ ಕಿತ್ತು ಗದ್ದೆಯಲ್ಲಿ ನೆಡುತ್ತೇವೆ. ಈಗಿನ ಮಕ್ಕಳು ಅಗೆಯನ್ನು ನೋಡಿಯೇ ಇಲ್ಲ. ದಯವಿಟ್ಟು ಕಥೆಯಲ್ಲಿ ‘ಅಗೆ’ ಎಂಬ ಪದವನ್ನೇ ಬಳಸಿ, ಅದಾದರೂ ಉಳಿಯಲಿ.

ಮೈಸೂರಿನಿಂದ

‘ಅಗೆ’ ಸುಂದರವಾದ ಪದ. ಆದರೆ ಅದು ಕಿತ್ತು ನೆಡುವ ಪೈರಿಗೆ ಮೀಸಲು, ಅವರೆಯನ್ನು ಯಾರೂ ಕಿತ್ತು ನೆಡುವುದಿಲ್ಲ. ಮಂಡ್ಯ, ಮೈಸೂರಿನ ಕಡೆ ಅದನ್ನೇ ‘ಪೈರು’ ಎನ್ನುತ್ತೇವೆ, ಪೈರು ಬೆಳೆಸುವ ಜಾಗ ‘ಒಟ್ಲು’. ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಇವೆರಡೂ ಅಲ್ಲ ಎಂದು ನನ್ನ ತಿಳಿವಳಿಕೆ.

ಕನ್ನಡದಲ್ಲಿ ‘ಮೊಳಕೆ’ಯ ವ್ಯಾಪ್ತಿ ದೊಡ್ಡದು. ‘ಬೆಳೆಯ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಹುಟ್ಟಿದ್ದು ಹೊಲದಲ್ಲಿ. ರೈತ ಹೊಲದ ಬದುವಿನ ಮೇಲೆ ನಿಂತು ನೋಡುವುದು ನೆಲದ ಮೇಲೆ ಬಂದ ಹಸಿರನ್ನು, ಮಣ್ಣಿನೊಳಗಿನ ಬಿಳಿಯ ತುದಿಯನ್ನಲ್ಲ. ಆದ್ದರಿಂದ ಮಣ್ಣಿನ ಮೇಲೆ ಬಂದದ್ದನ್ನೂ ಧಾರಾಳವಾಗಿ ‘ಮೊಳಕೆ’ ಎನ್ನಬಹುದು. ‘ಸಸಿ’ ಎಂಬುದು ‘ಸಸ್ಯ’ದ ತದ್ಭವ. ಹಳಗನ್ನಡದಲ್ಲಿ ಚಂದ್ರನೂ ‘ಸಸಿ’ಯೇ, ಅದು ‘ಶಶಿ’ಯಿಂದ ಬಂದದ್ದು, ಇಲ್ಲಿಗೆ ಸಂಬಂಧವಿಲ್ಲ.

ಎರಡನೆಯದಕ್ಕೆ ‘ಎಲೆ’ ಎಂದೇ ಬರೆಯಿರಿ. ದ್ವಿದಳ ಧಾನ್ಯಗಳಲ್ಲೆಲ್ಲ ಬೇಳೆಗಳೇ ಮೇಲೆ ಬಂದು, ಹಸಿರಾಗಿ, ಅಗಲಗೊಂಡು ಮೊದಲ ಎಲೆಗಳಾಗುತ್ತವೆ. ಮಕ್ಕಳಿಗೆ ಅಷ್ಟು ಸಾಕು.

ಮಾಗಡಿ ಕಡೆಯಿಂದ

ನಾನು ಬೀಜೋತ್ಪಾದನೆಯ ಕೆಲಸದಲ್ಲಿ ಇದ್ದವನು. ಗಾದೆಯ ವಿಚಾರದಲ್ಲಿ ಮೈಸೂರಿನವರ ಮಾತು ಒಪ್ಪುತ್ತೇನೆ. ಬೇಳೆಯೇ ಎಲೆಯಾಗುತ್ತದೆ ಎಂಬುದು ಮಾತ್ರ ಅವರೆಗೆ ಸಲ್ಲುವುದಿಲ್ಲ. ಕುಂಬಳ, ಸೌತೆಯಲ್ಲಿ ಅವರು ಹೇಳಿದಂತೆಯೇ ನಡೆಯುತ್ತದೆ: ಬೀಜದೊಳಗಿನ ಎರಡು ಹೋಳುಗಳು ಮೇಲೆ ಬಂದು, ಅಗಲವಾಗಿ, ಎಲೆಯಂತೆಯೇ ಕೆಲಸ ಮಾಡುತ್ತವೆ. ಅವರೆಯಲ್ಲಿ ಬೇಳೆ ಮೇಲೆ ಬರುತ್ತದೆ, ಸ್ವಲ್ಪ ಹಸಿರಾಗಲೂಬಹುದು, ಆದರೆ ಅಗಲವಾಗುವುದಿಲ್ಲ. ಅದರಲ್ಲಿದ್ದ ಆಹಾರವನ್ನು ಗಿಡ ಉಂಡಂತೆ ಸುಕ್ಕಾಗಿ, ತೆಳುವಾಗಿ, ಕೊನೆಗೆ ಉದುರಿಹೋಗುತ್ತದೆ. ನಿಜವಾದ ಎಲೆಗಳು ಆ ಬೇಳೆಗಳ ನಡುವಿನಿಂದ ಬರುತ್ತವೆ. ಮೊದಲ ಜೋಡಿ ಎದುರುಬದುರಾಗಿ, ಒಂದೊಂದೇ ಬಿಡಿ ಎಲೆಯಾಗಿರುತ್ತದೆ. ಅದರ ನಂತರದ್ದರಿಂದ ಒಂದೇ ತೊಟ್ಟಿನಲ್ಲಿ ಮೂರು ಮೂರು ಎಲೆ. ಕಥೆಯಲ್ಲಿ ಬೇಳೆಯನ್ನೇ ‘ಎಲೆ’ ಎಂದು ಕರೆದುಬಿಟ್ಟರೆ, ಅದು ಉದುರಿದ ಪುಟದಲ್ಲಿ ಮಗು ಗಿಡ ಸತ್ತಿತೆಂದು ಗಾಬರಿಯಾಗುತ್ತದೆ.

ದ್ವಿದಳ ಧಾನ್ಯಗಳೆಲ್ಲ ಬೇಳೆಯನ್ನು ಮೇಲೆ ತರುತ್ತವೆ ಎಂಬುದೂ ಸರಿಯಲ್ಲ. ಅವರೆ, ಅಲಸಂದೆ, ಹೆಸರು ತರುತ್ತವೆ. ತೊಗರಿ, ಕಡಲೆ, ಬಟಾಣಿಯಲ್ಲಿ ಬೇಳೆ ಮಣ್ಣಿನೊಳಗೇ ಉಳಿಯುತ್ತದೆ, ಕುಡಿ ಮಾತ್ರ ಮೇಲೆ ಬರುತ್ತದೆ. ಹಾಗಾಗಿ ಚಿತ್ರ ಬರೆಯುವವರು ಕಡಲೆಕಾಳಿನ ಚಿತ್ರ ನೋಡಿಕೊಂಡು ಅವರೆಯನ್ನು ಬರೆಯದಂತೆ ನೋಡಿಕೊಳ್ಳಿ.

ನನ್ನ ಆಯ್ಕೆ ‘ಬೇಳೆ’. ನಮ್ಮ ಸೀಮೆಯ ಮಕ್ಕಳು ಹಿತಕವರೆ ತಿಂದವರು. ನೆನೆದ ಕಾಳನ್ನು ಹಿತುಕಿದರೆ ಸಿಪ್ಪೆ ಜಾರಿ ಬೇಳೆ ಹೊರಬರುವುದನ್ನು ಮನೆಯಲ್ಲೇ ನೋಡಿರುತ್ತಾರೆ. ಅಲ್ಲಿಯೇ ಒಂದು ಕ್ಷಣ ನಿಂತು, ಎರಡು ಬೇಳೆಗಳನ್ನು ಮೆಲ್ಲಗೆ ಬಿಡಿಸಿ ನೋಡಲು ಹೇಳಿ. ಒಂದು ಬೇಳೆಯ ಅಂಚಿಗೆ ಅಂಟಿಕೊಂಡು ಬಾಗಿದ ಪುಟ್ಟ ಮೊನೆ ಇರುತ್ತದೆ, ಅದು ಮುಂದೆ ಬೇರಾಗುವ ಭಾಗ. ಅದರ ಇನ್ನೊಂದು ತುದಿಯಲ್ಲಿ, ಬೇಳೆಗಳ ನಡುವೆ ಅಡಗಿಕೊಂಡಂತೆ, ಮಡಿಚಿಟ್ಟ ಎರಡು ಎಲೆಗಳಿರುತ್ತವೆ. ಅವು ಬರಿಗಣ್ಣಿಗೇ ಕಾಣುತ್ತವೆ, ಭೂತಗನ್ನಡಿಯಿದ್ದರೆ ನರಗಳೂ ಕಾಣುತ್ತವೆ. ಇಡೀ ಗಿಡ ಆಗಲೇ ಅಲ್ಲಿದೆ. ಇದನ್ನು ನೋಡಿದ ಮಗುವಿಗೆ ‘ಬೇಳೆ’ ಬೇರೆ, ‘ಎಲೆ’ ಬೇರೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತು, ಇದು ಪದದ್ದಲ್ಲ. ಸುಲಿಯುವಾಗ ಜಾರಿದ ಹಸಿ ಕಾಳು ಬಹುಮಟ್ಟಿಗೆ ಮಣ್ಣಿನಲ್ಲಿ ಕೊಳೆಯುತ್ತದೆ. ಅಡುಗೆಗೆ ಕೊಯ್ಯುವ ಕಾಯಿಯಲ್ಲಿ ಕಾಳು ಪೂರ್ತಿ ಬಲಿತಿರುವುದಿಲ್ಲ. ಕಾಯಿ ಬಳ್ಳಿಯಲ್ಲೇ ಒಣಗಿ, ಅಲುಗಿಸಿದರೆ ಸದ್ದು ಮಾಡುವ ಹಂತಕ್ಕೆ ಬಂದಿರಬೇಕು. ಅಜ್ಜಿ ಬಿತ್ತನೆಗೆಂದು ಎತ್ತಿಟ್ಟ ಒಣಕಾಳಿನಿಂದ ಕಥೆ ಶುರುವಾದರೆ ಮೇಲು.

ಬಳ್ಳಾರಿಯಿಂದ

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಈ ಚರ್ಚೆ ನೋಡಿ ಕೇಳಲೇಬೇಕೆನಿಸಿತು. ನಮ್ಮ ಮಕ್ಕಳು ಲೋಟದಲ್ಲಿ ಹತ್ತಿ ಇಟ್ಟು ಅವರೆಕಾಳು ಹಾಕಿದ್ದರು. ಮೊದಲ ದಿನ ಸಿಪ್ಪೆಯೆಲ್ಲ ಸುಕ್ಕುಗಟ್ಟಿತು. ಕಾಳು ಒಣಗುತ್ತಿದೆ ಎಂದುಕೊಂಡು ಮಕ್ಕಳು ಇನ್ನಷ್ಟು ನೀರು ಸುರಿದರು. ಎರಡು ದಿನದಲ್ಲಿ ಲೋಳೆಯಾಗಿ ವಾಸನೆ ಬಂತು. ಒಂದೆರಡು ಕಾಳು ಮಾತ್ರ ಹಾಕಿದಾಗ ಹೇಗಿದ್ದವೋ ಹಾಗೆಯೇ ಕಲ್ಲಿನಂತೆ ಉಳಿದವು. ಬೀಜವೇ ಸರಿಯಿರಲಿಲ್ಲವೇ?

ಮಾಗಡಿ ಕಡೆಯಿಂದ, ಮತ್ತೆ

ಮೇಡಂ, ಬೀಜ ಸರಿಯಾಗಿಯೇ ಇದ್ದಿರಬಹುದು. ಸಿಪ್ಪೆ ಒಳಗಿನ ಬೇಳೆಗಿಂತ ಮೊದಲು ನೀರು ಹೀರಿ ಹಿಗ್ಗುತ್ತದೆ, ಅದಕ್ಕೇ ಸುಕ್ಕು. ಕೆಲವು ಗಂಟೆಗಳಲ್ಲಿ ಬೇಳೆಯೂ ಉಬ್ಬಿ ಸುಕ್ಕು ಮಾಯವಾಗುತ್ತದೆ. ಅದು ಒಣಗುವ ಲಕ್ಷಣವಲ್ಲ, ಶುರುವಾದ ಲಕ್ಷಣ. ಇದನ್ನೂ ಕಥೆಯಲ್ಲಿ ತರಬಹುದು, ಮಕ್ಕಳು ಗುರುತಿಸುತ್ತಾರೆ. ನೀರು ನಿಂತರೆ ಕಾಳಿಗೆ ಗಾಳಿ ಸಿಗುವುದಿಲ್ಲ, ಉಸಿರಾಡಲಾಗದೆ ಕೊಳೆಯುತ್ತದೆ. ಹತ್ತಿ ಒದ್ದೆಯಾಗಿರಬೇಕು, ಹಿಂಡಿದರೆ ನೀರು ಸುರಿಯಬಾರದು. ಕಲ್ಲಿನಂತೆ ಉಳಿದ ಕಾಳುಗಳ ಸಿಪ್ಪೆ ನೀರನ್ನು ಒಳಗೆ ಬಿಡುತ್ತಿಲ್ಲ ಅಷ್ಟೇ. ಕಾಳಿನ ಒಂದು ಅಂಚಿನಲ್ಲಿ ಉದ್ದಕ್ಕೆ ಬಿಳಿಯ ಗೆರೆಯಿರುತ್ತದಲ್ಲ, ಅದರ ಎದುರು ಬದಿಯನ್ನು ಒರಟು ನೆಲದ ಮೇಲೆ ಸ್ವಲ್ಪ ಉಜ್ಜಿ ಮತ್ತೆ ನೆನೆಸಿ ನೋಡಿ. ಬಿಳಿ ಗೆರೆಯ ಕಡೆ ಉಜ್ಜಬೇಡಿ, ಬೇರಿನ ಮೊನೆ ಇರುವುದು ಆ ಬದಿಯಲ್ಲಿ.

ಬಾಗಿದ ಭಾಗದ ಹೆಸರಿಗೆ ಬರುತ್ತೇನೆ. ನಾವು ಕೆಲಸದಲ್ಲಿ ‘ಕೊಕ್ಕೆ’ ಎನ್ನುತ್ತಿದ್ದೆವು. ಬೇರಿಗೂ ಬೇಳೆಗೂ ನಡುವಿನ ದಂಟು ಅದು. ಕತ್ತಲಲ್ಲಿರುವವರೆಗೆ ಬಾಗಿಯೇ ಇರುತ್ತದೆ. ಮಣ್ಣನ್ನು ತಳ್ಳುವ ಪೆಟ್ಟು ಆ ಬಾಗಿದ ಬೆನ್ನಿಗೆ ಬೀಳುತ್ತದೆ, ಎಳೆಯ ಕುಡಿಗೆ ಬೀಳುವುದಿಲ್ಲ. ಬೆಳಕು ತಾಗಿದ ಮೇಲೆ ನೆಟ್ಟಗಾಗುತ್ತದೆ. ಮಳೆ ಬಿದ್ದು ಬಿಸಿಲು ಕಾದು ಮೇಲ್ಮಣ್ಣು ಹಕ್ಕಳೆ ಕಟ್ಟಿದರೆ ಇದು ಅಲ್ಲಿಯೇ ಮುರಿಯುತ್ತದೆ. ಮೇಲಿನ ಪದರ ಎತ್ತಿ ನೋಡಿದರೆ ಬೇರು ಚೆನ್ನಾಗಿರುತ್ತದೆ, ಬೇಳೆ ಬೇರೆಯಾಗಿ ಬಿದ್ದಿರುತ್ತದೆ.

ಮೈಸೂರಿನಿಂದ, ಮತ್ತೆ

ಕುಂಬಳ, ಸೌತೆಯ ಮಾತು ಅವರೆಗೆ ಹೊಂದದು ಎಂಬುದನ್ನು ಒಪ್ಪಿದೆ. ‘ಕೊಕ್ಕೆ’ಯನ್ನು ಒಪ್ಪಲಾರೆ. ಕೊಕ್ಕೆ ಎಂದರೆ ಸಿಕ್ಕಿಸುವುದು, ಎಳೆದು ಹಿಡಿಯುವುದು. ಇಲ್ಲಿ ಅದು ಮಣ್ಣನ್ನು ನೂಕಿ ಮೇಲೇಳುತ್ತಿದೆ. ‘ಕತ್ತು’ ಎನ್ನಿ. ‘ಬಾಗಿದ ಕತ್ತು ಕಾಣಿಸಿತು, ತಲೆ ಇನ್ನೂ ಮಣ್ಣಿನೊಳಗೇ ಇತ್ತು’ ಎಂದರೆ ವಾಕ್ಯ ತಾನಾಗಿ ಕೂಡುತ್ತದೆ. ತಲೆ ಎಂದು ನೀವೇ ಬರೆದಿದ್ದೀರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಥೆಯನ್ನು ಒಣಕಾಳಿನಿಂದಲೇ ಶುರುಮಾಡುತ್ತೇನೆ. ಸಿಪ್ಪೆ ಸುಕ್ಕಾಗುವುದಕ್ಕೆ ಒಂದು ಪುಟ, ಬೇಳೆ ಬಿಡಿಸಿ ನೋಡುವುದಕ್ಕೆ ಒಂದು ಪುಟ ಹೆಚ್ಚುತ್ತವೆ. ಬಿಡಿಸಿ ನೋಡಿದ ಕಾಳು ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಅಜ್ಜಿ ಎರಡು ಕಾಳು ಕೊಡುತ್ತಾಳೆ, ಒಂದು ನೋಡಲು, ಒಂದು ನೆಡಲು. ‘ಅಗೆ’ಯನ್ನು ಇಲ್ಲಿ ತರಲಾಗದು, ಅದಕ್ಕೆ ಭತ್ತದ್ದೇ ಬೇರೆ ಕಥೆ ಬೇಕು. ತಿದ್ದಿದ ಭಾಗ ಹೀಗಿದೆ:

“ಐದನೆಯ ದಿನ ಬೆಳಿಗ್ಗೆ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಬಾಗಿದ ಕತ್ತೊಂದು ಕಾಣಿಸಿತು. ತಲೆ ಇನ್ನೂ ಮಣ್ಣಿನೊಳಗೇ ಇತ್ತು. ಮರುದಿನ ಮೊಳಕೆ ಮೆಲ್ಲನೆ ನೆಟ್ಟಗಾಗುತ್ತ ತನ್ನ ಎರಡು ಬೇಳೆಗಳನ್ನು ಮೇಲಕ್ಕೆ ಎಳೆದುಕೊಂಡಿತು. ಹಳೆಯ ಸಿಪ್ಪೆ ಇನ್ನೂ ಟೋಪಿಯಂತೆ ಒಂದು ಬದಿಗೆ ನೇತಾಡುತ್ತಿತ್ತು. ಬೇಳೆಗಳು ಬಿಚ್ಚಿಕೊಂಡವು. ನಡುವೆ, ಅವತ್ತು ನಾವು ನೋಡಿದ್ದಂಥದೇ ಎರಡು ಎಲೆಗಳು!”

ಎಲೆಗಳು ಪೂರ್ತಿ ಬಿಚ್ಚಿದ ಪುಟದಿಂದ ‘ಸಸಿ’ ಎಂದು ಬರೆದಿದ್ದೇನೆ. ಅಲ್ಲಿಯವರೆಗೆ ‘ಮೊಳಕೆ’. ಮಾಗಡಿಯವರಿಗೆ ಇದು ಒಪ್ಪಿಗೆಯೇ, ಅಥವಾ ಮೂರೆಲೆ ಬರುವವರೆಗೆ ಕಾಯಬೇಕೇ?

ಮಾಗಡಿ ಕಡೆಯಿಂದ

ನಮ್ಮ ಕಡೆ ಹೊಲದಲ್ಲಿ ಅವರೆಯನ್ನು ಯಾವ ಹಂತದಲ್ಲೂ ಯಾರೂ ‘ಸಸಿ’ ಎನ್ನುವುದಿಲ್ಲ. ‘ಅವರೆ ಹುಟ್ಟಿದೆ’ ಎನ್ನುತ್ತಾರೆ, ಆಮೇಲೆ ನೇರವಾಗಿ ‘ಗಿಡ’. ‘ಸಸಿ’ ಎಂದರೆ ಕುಂಡದ್ದು, ಪಾತಿಯದ್ದು, ಕಿತ್ತು ನೆಡುವಂಥದ್ದು. ಉಳಿದ ಕಡೆಯವರು ಏನೆನ್ನುತ್ತಾರೆ, ಕೇಳಿ ನೋಡಿ.

ಬಳ್ಳಾರಿಯಿಂದ

ನಮ್ಮ ಮಕ್ಕಳು ಲೋಟದಲ್ಲಿದ್ದದ್ದನ್ನು ‘ಸಸಿ’ ಎಂದೇ ಕರೆದರು, ಎಲೆ ಬರುವ ಮೊದಲೇ. ಹೊಸದಾಗಿ ಹತ್ತಿ ಹಾಕಿದ್ದೇವೆ, ಈ ಸಲ ನೀರು ಕಡಿಮೆ. ಸಿಪ್ಪೆ ಸುಕ್ಕಾಗಿದೆ.