ಬಾಯಿ ತೆರೆಸಿ ನೋಡಿದೆಯಾ, ಪುಟ್ಟಿ?

“ದೊಡ್ಡಮ್ಮ, ರಾತ್ರಿ ತಲೆಸುತ್ತು, ವಾಂತಿ ಎಂದು 52 ವರ್ಷದವರೊಬ್ಬರು ದಾಖಲಾದರು. ಕೈಕಾಲಿನ ಬಲ ಸರಿಯಾಗಿದೆ, ಸಿ.ಟಿ.ಯಲ್ಲೂ ಏನಿಲ್ಲ. ಆದರೆ ಬಿಕ್ಕಳಿಕೆ ನಿಲ್ಲುತ್ತಿಲ್ಲ, ಸ್ವರ ಒಡೆದಿದೆ. ಬೆಳಿಗ್ಗೆ ಮನೆಗೆ ಕಳುಹಿಸು ಎನ್ನುತ್ತಿದ್ದಾರೆ. ನನಗೆ ಭಯವಾಗುತ್ತಿದೆ.”

ಪುಟ್ಟಿ, ಅವರ ಬಾಯಿ ತೆರೆಸಿ ನೋಡಿದೆಯಾ? ಕೈಕಾಲು ಗಟ್ಟಿಯಾಗಿವೆ ಎಂದು ಮಿದುಳುಕಾಂಡವೂ ಗಟ್ಟಿಯಾಗಿದೆ ಎಂದುಕೊಳ್ಳಬೇಡ. ನಾನು ಹಾಗೆ ಅಂದುಕೊಂಡು ಒಬ್ಬರ ಪ್ರಾಣ ಹೋಯಿತು.

1984ರ ಮಾತು. ನಾನು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ, ನಿನ್ನ ಅಪ್ಪ ಇನ್ನೂ ಪಿಯುಸಿ ಓದುತ್ತಿದ್ದ. ಕಬ್ಬಿನ ಗದ್ದೆಯಿಂದ ಒಬ್ಬ ರೈತರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ತಲೆಸುತ್ತು, ವಾಂತಿ, ಬಿಡದ ಬಿಕ್ಕಳಿಕೆ. ಎರಡೂ ಕೈ ಎತ್ತಿಸಿದೆ, ಕಾಲಿನಿಂದ ನನ್ನ ಅಂಗೈಯನ್ನು ಒದೆಯಲು ಹೇಳಿದೆ. ಒಳ್ಳೆಯ ಬಲವಿತ್ತು. ಒಳಕಿವಿಯ ತೊಂದರೆ ಎಂದು ಬರೆದು ವಾಂತಿಯ ಇಂಜೆಕ್ಷನ್ ಕೊಟ್ಟೆ. ಅವರ ಹೆಂಡತಿ ಲೋಟದಲ್ಲಿ ಕಾಫಿ ಕುಡಿಸಿದರು. ಒಂದು ಗುಟುಕಿಗೇ ಕೆಮ್ಮು ಬಂದು, ಕಾಫಿ ಮೂಗಿನಿಂದ ಹೊರಬಂತು. ನಾನು ಅಲ್ಲೇ ನಿಂತಿದ್ದೆ. ಬಿಕ್ಕಳಿಕೆಗೆ ಹೀಗಾಯಿತು ಎಂದುಕೊಂಡೆ!

ಮೂರನೆಯ ದಿನ ಜ್ವರ ಏರಿತು, ಎದೆಯಲ್ಲಿ ಗೊರಗೊರ ಶಬ್ದ. ಅಂದು ಜಿಲ್ಲೆಯಿಂದ ಹಿರಿಯ ವೈದ್ಯರು ಬಂದಿದ್ದರು. ಅವರು ಒಂದು ಪೊರಕೆ ಕಡ್ಡಿ ಮುರಿದು, ಅದರ ಚೂಪು ತುದಿಯಿಂದ ಮುಖದ ಎಡಭಾಗವನ್ನು ಚುಚ್ಚಿದರು. ರೈತರಿಗೆ ನೋವೇ ತಿಳಿಯಲಿಲ್ಲ. ಮೈಗೆ ಬಂದರೆ ಎಡಗಡೆ ನೋವು ಸರಿಯಾಗಿ ತಿಳಿಯುತ್ತಿತ್ತು, ಬಲಗೈ ಬಲಗಾಲಿನಲ್ಲಿ ಇರಲಿಲ್ಲ. ಕಿಟಕಿ ಮುಚ್ಚಿಸಿ ಮಬ್ಬು ಬೆಳಕಿನಲ್ಲಿ ಕಣ್ಣು ನೋಡಿದರು. ಎಡರೆಪ್ಪೆ ತುಸು ಇಳಿದಿತ್ತು, ಆ ಕಣ್ಣಿನ ಪಾಪೆ ಚಿಕ್ಕದಾಗಿತ್ತು. ಕೊನೆಗೆ ಬಾಯಿ ತೆರೆಸಿ “ಆ” ಎನ್ನಿಸಿದರು. ಅಂಗುಳಿನ ಬಲಭಾಗ ಮಾತ್ರ ಮೇಲೇರಿ ಕಿರುನಾಲಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಿತು. ಎಡಭಾಗ ಜೋತುಬಿದ್ದ ಪರದೆಯಂತೆ ಅಲ್ಲಾಡದೆ ಇತ್ತು.

ಮುಖದ ನೋವನ್ನು ಒಯ್ಯುವ ಐದನೆಯ ನರದ ಎಳೆಗಳು ಮಿದುಳುಕಾಂಡದ ನಡುಭಾಗವಾದ ಪಾನ್ಸ್‌ನಲ್ಲಿ ಒಳಹೊಕ್ಕು, ಅದೇ ಬದಿಯಲ್ಲೇ ಕಾಂಡದ ಕೆಳಭಾಗವಾದ ಮೆಡುಲ್ಲಾಕ್ಕೆ ಇಳಿಯುತ್ತವೆ. ಮೈಯ ನೋವಿನ ಎಳೆಗಳಾದರೋ ಬೆನ್ನುಹುರಿಯಲ್ಲೇ ದಾಟಿ ಎದುರು ಬದಿಗೆ ಬಂದಿರುತ್ತವೆ. ಎರಡೂ ಹತ್ತಿರ ಹತ್ತಿರ ಸಾಗುವುದು ಮೆಡುಲ್ಲಾದ ಹೊರಅಂಚಿನಲ್ಲಿ. ಅಂಗುಳನ್ನೂ ಧ್ವನಿತಂತುವನ್ನೂ ಆಡಿಸುವ ಒಂಬತ್ತು, ಹತ್ತನೆಯ ನರಗಳ ಕೇಂದ್ರ ಅಲ್ಲೇ ಪಕ್ಕದಲ್ಲಿದೆ. ಪಾಪೆಗೆ ಇಳಿಯುವ ಸಿಂಪಥೆಟಿಕ್ ಎಳೆಗಳೂ ಅಲ್ಲೇ. ಹಾಗಾಗಿ ರಕ್ತ ಸಿಗದೆ ಸಣ್ಣದೊಂದು ಜಾಗ ಸತ್ತರೆ ಇಷ್ಟೂ ಒಟ್ಟಿಗೆ ಹೋಗುತ್ತವೆ. ಕೈಕಾಲಿನ ಬಲದ ದಾರಿ ಮತ್ತು ಹನ್ನೆರಡನೆಯ ನರ ಇರುವುದು ನಡುಗೆರೆಯ ಹತ್ತಿರ, ಅದಕ್ಕೇ ಬಲ ಉಳಿದಿತ್ತು, ಚಾಚಿದ ನಾಲಿಗೆಯೂ ನೇರವಾಗಿತ್ತು. ಕಣ್ಣು ಹೊರಗೆ ಹೊರಳುತ್ತಿತ್ತು, ಮುಖ ಸೊಟ್ಟಗಾಗಿರಲಿಲ್ಲ, ಅಂದರೆ ಆರು, ಏಳನೆಯ ನರಗಳ ಪಾನ್ಸ್ ಉಳಿದಿತ್ತು. ಎಡ ಮೆಡುಲ್ಲಾದ ಹೊರಭಾಗ ಎಂದು ಅವರು ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿದರು. ಒಂಬತ್ತನೆಯ ದಿನ ರೈತರು ನ್ಯುಮೋನಿಯಾದಿಂದ ತೀರಿಕೊಂಡರು. ಆ ಕಾಫಿ ಶ್ವಾಸಕೋಶಕ್ಕೆ ಇಳಿದಿತ್ತು.

ಮತ್ತೆ ಹೇಳುತ್ತೇನೆ, ಕೈಕಾಲು ಗಟ್ಟಿಯಾಗಿವೆ ಎಂದು ನೆಮ್ಮದಿಪಡಬೇಡ.

ಹೋದ ವರ್ಷ ನಿನ್ನ ದೊಡ್ಡಪ್ಪನಿಗೆ ತಲೆಸುತ್ತು ಬಂದಾಗ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವಲ್ಲ, ನಾಲ್ವರು ವೈದ್ಯರು ಬಂದರು. ಒಬ್ಬರೂ ಟಾರ್ಚ್ ತೆಗೆಯಲಿಲ್ಲ, ಬಾಯಿ ತೆರೆಸಲಿಲ್ಲ. ಆದರೂ ನಾಲ್ಕು ಹಾಳೆಗಳಲ್ಲೂ “ಕಪಾಲ ನರಗಳು ಸಹಜ” ಎಂದು ಬರೆದಿದ್ದರು! ನಿನ್ನ ದೊಡ್ಡಪ್ಪನಿಗೆ ಏನೂ ಆಗಿರಲಿಲ್ಲ, ದೇವರ ದಯೆ. ಆದರೆ ನೋಡದೆ ಬರೆದದ್ದು ಸುಳ್ಳೇ ಅಲ್ಲವೇ? ನಾನು ಕೇಳಿದ್ದಕ್ಕೆ, ಸ್ಕ್ಯಾನ್ ಬರಲಿ ಅಮ್ಮ, ಎಂದರು. ಆ ಉತ್ತರ ನನಗೆ ಇಂದಿಗೂ ಚುಚ್ಚುತ್ತದೆ. ಮಿದುಳುಕಾಂಡಕ್ಕೆ ರಕ್ತ ನಿಂತು ಆದ ಹೊಸ ಪೆಟ್ಟು ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಮೊದಲ ಒಂದೆರಡು ದಿನಗಳಲ್ಲಿ ಎಂ.ಆರ್.ಐ. ಕೂಡ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ.

ಅಯ್ಯೋ, ಮುಖ್ಯವಾದದ್ದನ್ನೇ ಹೇಳಲಿಲ್ಲ. ಈಗಲೇ ಹೋಗಿ ನಿನ್ನ ರೋಗಿಯ ಹಾಸಿಗೆಯ ಪಕ್ಕದ ನೀರಿನ ಬಾಟಲಿ ತೆಗೆದಿಡು. ನುಂಗುವುದನ್ನು ಬಲ್ಲವರು ಪರೀಕ್ಷಿಸುವವರೆಗೆ ನೀರು, ಕಾಫಿ, ಮಾತ್ರೆ ಏನೂ ಬಾಯಿಗೆ ಬೇಡ. ಗಂಟಲು ಮುಟ್ಟಿದಾಗ ಓಕರಿಕೆ ಬಂತು ಎಂದು ನುಂಗುವುದು ಸುರಕ್ಷಿತ ಎಂದುಕೊಳ್ಳಬೇಡ. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂರಿಸು, ಹಿಡಿದುಕೊಂಡೇ ನಿಲ್ಲಿಸು, ಒಂದು ಬದಿಗೆ ವಾಲುತ್ತಾರೆಯೇ ನೋಡು. ಕಂಡದ್ದನ್ನು ಬದಿ ಸಮೇತ ಬರೆದು, ನರರೋಗ ತಜ್ಞರಿಗೆ ರಾತ್ರಿಯೇ ಫೋನ್ ಮಾಡು. ಕಿರುನಾಲಿಗೆ ಯಾವ ಕಡೆಗೆ ಎಳೆಯಿತು ಎಂದು ನನಗೂ ತಿಳಿಸು, ನಾನು ಎದ್ದಿರುತ್ತೇನೆ.