ಅಕ್ಷವೂ ಸರಿ, ಕೋನವೂ ಸರಿ, ಆದ್ರೂ ಉಲ್ಟಾ ತಿರುಗುತ್ತಿದೆ!

ಬುಗುರಿ
ಮನೆಯಲ್ಲೇ ಮಾಡಿದ ರೋಬೋಟ್ ಕೈಗೆ ಪ್ರೋಗ್ರಾಂ ಬರೆಯುತ್ತಿದ್ದೇನೆ. ರೊಟೇಷನ್ ಮ್ಯಾಟ್ರಿಕ್ಸ್ ಕೊಟ್ಟರೆ ಯಾವ ಅಕ್ಷದ ಸುತ್ತ ಎಷ್ಟು ಡಿಗ್ರಿ ಅಂತ ಅದು ಹೇಳಬೇಕು. ಪರೀಕ್ಷೆಗೆ ಸುಲಭದ್ದೇ ಇರಲಿ ಅಂತ x ದಿಕ್ಕನ್ನು y ಗೆ, y ಯನ್ನು z ಗೆ, z ಅನ್ನು x ಗೆ ಕಳಿಸುವ ಮ್ಯಾಟ್ರಿಕ್ಸ್ ತಗೊಂಡೆ.

```python
R = np.array([[0,0,1],[1,0,0],[0,1,0]])
lam, V = np.linalg.eig(R)
```

ಐಗನ್‌ವ್ಯಾಲ್ಯೂಗಳು 1 ಮತ್ತು −0.5 ± 0.866i. ಅಂದ್ರೆ ಕೋನ 120°. 1ರ ಐಗನ್‌ವೆಕ್ಟರ್ (−0.577, −0.577, −0.577). ಇವೆರಡನ್ನೂ ಹಾಕಿ ಮ್ಯಾಟ್ರಿಕ್ಸನ್ನು ವಾಪಸ್ ಕಟ್ಟಿದರೆ R ಬರಲ್ಲ, ಅದರ ಟ್ರಾನ್ಸ್‌ಪೋಸ್ ಬರುತ್ತೆ. ಬೇರೆ ಮ್ಯಾಟ್ರಿಕ್ಸ್ ಕೊಟ್ಟು ನೋಡಿದೆ, ಕೆಲವು ಸರಿಯಾಗಿ ಬರುತ್ತವೆ, ಕೆಲವು ಉಲ್ಟಾ. ಎರಡು ದಿನದಿಂದ ತಲೆ ಕೆಟ್ಟಿದೆ.

ಅರೆಬರೆ
ಇಷ್ಟಕ್ಕೆಲ್ಲ ಐಗನ್ ಯಾಕೆ ಗುರು? ಕರ್ಣದ ಮೂರು ಸಂಖ್ಯೆ ಕೂಡಿಸಿ, 1 ಕಳೆದು, 2ರಿಂದ ಭಾಗಿಸಿ arccos ಹಾಕಿ, ಕೋನ ಬಂತು. ಅಕ್ಷದ z ಮೈನಸ್ ಇದ್ರೆ ಚಿಹ್ನೆ ತಿರುಗಿಸಿಬಿಡಿ. ನಾನು ಹೀಗೇ ಮಾಡೋದು, ತೊಂದರೆ ಬಂದಿಲ್ಲ.

ಮೂಲೆಮನೆ
ಅರೆಬರೆ ಹೇಳಿದ ಕೋನದ ಲೆಕ್ಕ ಸರಿ. z ನೋಡಿ ತಿರುಗಿಸೋದು ಮಾತ್ರ ಅದೃಷ್ಟದ ಮೇಲೆ ನಡೆಯುತ್ತೆ. ಈ R ಗೆ ಸರಿ ಹೋಗುತ್ತೆ, ಇದರದೇ ಟ್ರಾನ್ಸ್‌ಪೋಸ್ ಕೊಡಿ, ಕೈಕೊಡುತ್ತೆ.

ಒಂದು ರೂಬಿಕ್ಸ್ ಕ್ಯೂಬಿನ ಎದುರುಬದುರು ಮೂಲೆಗಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ನಿಮ್ಮ R ಮಾಡೋದು ಅದನ್ನೇ. ಒಂದು ತುದಿಯಿಂದ ನೋಡಿದರೆ ಗಡಿಯಾರದ ದಿಕ್ಕು, ಇನ್ನೊಂದು ತುದಿಯಿಂದ ನೋಡಿದರೆ ವಿರುದ್ಧ. 1ರ ಐಗನ್‌ವೆಕ್ಟರ್ ಬರೀ ಆ ಗೆರೆಯನ್ನು ಕೊಡುತ್ತೆ, ಯಾವ ತುದಿ ಅಂತ ಹೇಳಲ್ಲ. ಕಾಂಪ್ಲೆಕ್ಸ್ ಜೋಡಿಯಲ್ಲೂ ಅಷ್ಟೇ, +120° ಮತ್ತು −120° ಎರಡೂ ಒಟ್ಟಿಗೇ ಇರುತ್ತವೆ. R ಗೂ ಅದರ ಟ್ರಾನ್ಸ್‌ಪೋಸ್‌ಗೂ ಐಗನ್‌ವ್ಯಾಲ್ಯೂಗಳೂ ಒಂದೇ, ಅಕ್ಷದ ಗೆರೆಯೂ ಒಂದೇ, ಹಾಗಾಗಿ ಇಷ್ಟನ್ನೇ ಇಟ್ಟುಕೊಂಡರೆ ಯಾವುದು ಯಾವುದು ಅಂತ ಹೇಳೋಕೆ ಸಾಧ್ಯವೇ ಇಲ್ಲ.

ದಿಕ್ಕು ಅಡಗಿರೋದು ನೀವು ಮುಟ್ಟದೇ ಬಿಟ್ಟ ಕಾಂಪ್ಲೆಕ್ಸ್ ಐಗನ್‌ವೆಕ್ಟರ್‌ನಲ್ಲಿ. −0.5 + 0.866i ಗೆ ಸೇರಿದ್ದನ್ನು ತಗೊಳ್ಳಿ. ಅದರ ರಿಯಲ್ ಭಾಗ a, ಇಮ್ಯಾಜಿನರಿ ಭಾಗ b ಅಂತಿರಲಿ. ಎರಡೂ ಅಕ್ಷಕ್ಕೆ ಲಂಬವಾಗಿರುತ್ತವೆ. Ra = cosθ·a − sinθ·b ಆಗೋದರಿಂದ a ತಿರುಗೋದು −b ಕಡೆಗೆ. ಹಾಗಾಗಿ ಅಕ್ಷ b × a. ನಿಮ್ಮ ಕೇಸಿನಲ್ಲಿ a = (1, −0.5, −0.5), b = (0, −0.866, 0.866) ಅಂತ ಹಿಡಿದರೆ b × a = (0.866, 0.866, 0.866). ಎಲ್ಲ ಪ್ಲಸ್. ನಿಮ್ಮ ಪರದೆಯಲ್ಲಿ a, b ಬೇರೆ ಕಾಣಬಹುದು, ಆದ್ರೆ b × a ದಿಕ್ಕು ಬದಲಾಗಲ್ಲ.

```python
k = np.argmax(lam.imag)
w = V[:, k]
n = 2*np.cross(w.imag, w.real)
theta = np.angle(lam[k])
```

`V[k]` ಅಲ್ಲ, `V[:, k]`. ವೆಕ್ಟರ್‌ಗಳು ಕಾಲಂನಲ್ಲಿವೆ. ತಿರುಗೋದೇ ಇಲ್ಲದ 0° ಬಿಟ್ಟರೆ ಒಂದೇ ಕಡೆ ಇದು ಕೆಲಸ ಮಾಡಲ್ಲ: ಸರಿಯಾಗಿ 180° ಆದಾಗ ಜೋಡಿ −1, −1 ಆಗಿ ಇಮ್ಯಾಜಿನರಿ ಭಾಗವೇ ಇರಲ್ಲ, n ಸೊನ್ನೆ ಬರುತ್ತೆ. ಆಗ 1ರ ಐಗನ್‌ವೆಕ್ಟರನ್ನೇ ತಗೊಂಡು ಕೋನ 180° ಅಂತ ನೀವೇ ಇಡಿ, ಅರ್ಧ ಸುತ್ತಿಗೆ ಯಾವ ತುದಿಯಾದರೂ ಒಂದೇ.

ಕ್ಯಾಮೆರಾಕಣ್ಣು
ನನಗೂ ಇದೇ ಸಮಸ್ಯೆ! ಆದ್ರೆ ನನ್ನದರಲ್ಲಿ 1 ಬರೋದೇ ಇಲ್ಲ, −1 ಮತ್ತು ಒಂದು ಕಾಂಪ್ಲೆಕ್ಸ್ ಜೋಡಿ ಬರುತ್ತೆ. ಮೇಲಿನ ಕೋಡ್ ಹಾಕಿದೆ, ಅಕ್ಷವೇನೋ ಬಂತು, ಚಿತ್ರ ಮಾತ್ರ ಕನ್ನಡಿಯಲ್ಲಿ ಕಂಡ ಹಾಗಿದೆ.

ಮೂಲೆಮನೆ
ಅದು ಬೇರೆ ರೋಗ. ಡಿಟರ್ಮಿನೆಂಟ್ ನೋಡಿ, −1 ಇರುತ್ತೆ. ತಿರುಗೋದರ ಜೊತೆ ಒಂದು ಪ್ರತಿಬಿಂಬವೂ ಸೇರಿಕೊಂಡಿದೆ. ಎಲ್ಲೋ ಒಂದು ಅಕ್ಷದ ಚಿಹ್ನೆ ಮಾತ್ರ ಬದಲಿಸಿದ್ದೀರಿ, ಅಲ್ವಾ?

ಕ್ಯಾಮೆರಾಕಣ್ಣು
y ಕೆಳಮುಖ ಮಾಡಿದ್ದೆ... z ಬಿಟ್ಟುಬಿಟ್ಟಿದ್ದೆ. 🤦

ಬುಗುರಿ
ಮೂಲೆಮನೆ ಸರ್, ಬಂತು! ಉಲ್ಟಾ ಬರ್ತಿದ್ದ ಎಲ್ಲವೂ ಈಗ ಸರಿ. ಆದ್ರೆ ಸೆನ್ಸರ್‌ನಿಂದ ಬಂದ ಮ್ಯಾಟ್ರಿಕ್ಸ್ ಕೊಟ್ಟಾಗ, ಕೈ ಸುಮ್ನೆ ನಿಂತಿದ್ದರೂ ಅಕ್ಷ ಆ ಕಡೆ ಈ ಕಡೆ ಕುಣಿಯುತ್ತೆ. ಕೋನ 0.05° ಆಸುಪಾಸು.

ಮೂಲೆಮನೆ
ಅಷ್ಟು ಸಣ್ಣ ಕೋನದಲ್ಲಿ ಮೂರೂ ಐಗನ್‌ವ್ಯಾಲ್ಯೂಗಳು 1ರ ಹತ್ತಿರವೇ ಗುಂಪಾಗಿರುತ್ತವೆ. ಅಕ್ಷದ ತಪ್ಪು ಹೆಚ್ಚುಕಮ್ಮಿ ಗದ್ದಲವನ್ನು ಕೋನದಿಂದ ಭಾಗಿಸಿದಷ್ಟು. 0.05° ಅಂದ್ರೆ 0.00087 ರೇಡಿಯನ್. ಮ್ಯಾಟ್ರಿಕ್ಸ್‌ನಲ್ಲಿ ಬರೀ 0.0001 ಗದ್ದಲ ಇದ್ದರೂ ಅಕ್ಷ 6–7 ಡಿಗ್ರಿ ಅಲ್ಲಾಡುತ್ತೆ. ಕೋಡ್‌ನ ತಪ್ಪಲ್ಲ. ನಾನಾದ್ರೆ ಅಕ್ಷ ಮತ್ತು ಕೋನವನ್ನು ಬೇರೆ ಮಾಡದೆ ಗುಣಿಸಿ ಒಂದೇ ವೆಕ್ಟರ್ ಆಗಿ ಇಟ್ಟುಕೊಳ್ತೀನಿ.

ಅರೆಬರೆ
ಅಥವಾ 1°ಗಿಂತ ಕಡಿಮೆ ಇದ್ರೆ ಹಿಂದಿನ ಅಕ್ಷವನ್ನೇ ಇಟ್ಟುಕೊಳ್ಳಿ. ನಾನು ಹಾಗೇ ಮಾಡೋದು.

ಬುಗುರಿ
ಕೈ ನಿಜವಾಗಲೂ ನಿಧಾನಕ್ಕೆ ಬೇರೆ ಕಡೆ ತಿರುಗೋಕೆ ಶುರು ಮಾಡಿದ್ರೆ ಆಗೇನು?